ಹನ್ನೆರಡು ರೋಸೆಟ್‌ಗಳಿಗೆ ಹಿಡಿದ ಐದು ವಾರ

ಮಗಳ ಏಳನೆಯ ಹುಟ್ಟುಹಬ್ಬ ಏಪ್ರಿಲ್ ಮೂರನೆಯ ವಾರದಲ್ಲಿ ಬಂದಿತ್ತು. ಮಾರ್ಚ್ ಮಧ್ಯದಲ್ಲಿಯೇ, ಈ ಸಲ ಕೇಕನ್ನು ಮನೆಯಲ್ಲೇ ಮಾಡುತ್ತೇನೆ, ಮೇಲೆ ಗುಲಾಬಿಯಂತಹ ಸುರುಳಿಗಳನ್ನೂ ಬುಡದಲ್ಲಿ ಅಂಚನ್ನೂ ನಾನೇ ಒತ್ತುತ್ತೇನೆ ಎಂದು ಮಾತು ಕೊಟ್ಟುಬಿಟ್ಟೆ. ಕೇಕ್ ಬೇಯಿಸುವುದು ನನಗೆ ಹೊಸದಾಗಿರಲಿಲ್ಲ. ಹೊಸದಾಗಿದ್ದುದು ಬೆಣ್ಣೆಗೆ ಸಕ್ಕರೆ ಪುಡಿ ಹಾಕಿ ಹೊಡೆದು ಮಾಡುವ ಬಟರ್‌ಕ್ರೀಮ್ ಮತ್ತು ಅದನ್ನು ಚೀಲಕ್ಕೆ ತುಂಬಿ, ತುದಿಯಲ್ಲಿ ಕೂರಿಸಿದ ನಾಜಲ್ ಎಂಬ ಲೋಹದ ಮೂತಿಯಿಂದ ಒತ್ತುವ ಕೆಲಸ. ಇಪ್ಪತ್ತು ಸೆಂಟಿಮೀಟರ್ ಅಗಲದ ಒಂದು ಕೇಕಿನ ಮೇಲೆ ರೋಸೆಟ್ ಎಂಬ ಆ ಸುರುಳಿಗಳು ಹನ್ನೆರಡು, ಕೆಳಗೆ ಚಿಪ್ಪಿನ ಸಾಲಿನಂತಹ ಶೆಲ್ ಬಾರ್ಡರ್ ಒಂದು ಸುತ್ತು, ಇಷ್ಟಕ್ಕೆ ನನಗೆ ಐದು ವಾರ, ನಾಲ್ಕು ಸಲದ ಕ್ರೀಮು ಮತ್ತು 2,240 ರೂಪಾಯಿ ಹಿಡಿದವು. ನಾವಿರುವುದು ದಾವಣಗೆರೆಯಲ್ಲಿ. ಇಲ್ಲಿನ ಬೇಸಿಗೆಯಲ್ಲಿ ಬೆಣ್ಣೆಯ ಕೆಲಸಕ್ಕೆ ಕೈಹಾಕುವವರು ನಾನು ಎಡವಿದ ಜಾಗಗಳಲ್ಲಿಯೇ ಎಡವುವುದು ಬೇಡವೆಂದು, ಆದದ್ದನ್ನು ಆದ ಕ್ರಮದಲ್ಲಿಯೇ ಬರೆದಿಡುತ್ತಿದ್ದೇನೆ.

ಮೊದಲ ತಪ್ಪು ಬೆಣ್ಣೆಯದೇ. ಬೆಣ್ಣೆದೋಸೆಯ ಊರಿನಲ್ಲಿ ಬೆಣ್ಣೆಗೇನು ಬರ ಎಂದುಕೊಂಡು, ಪರಿಚಯದವರಿಂದ ಅರ್ಧ ಕಿಲೋ ಕಡೆದ ಬಿಳಿ ಬೆಣ್ಣೆಯನ್ನು 350 ರೂಪಾಯಿಗೆ ತಂದೆ. ಬೀಟರ್‌ನಲ್ಲಿ ಅದನ್ನು ಹೊಡೆದು ಸಕ್ಕರೆ ಹಾಕುತ್ತಿದ್ದಂತೆಯೇ ಪಾತ್ರೆಯ ಅಂಚಿನಲ್ಲಿ ನೀರು ಒಸರತೊಡಗಿತು. ಹತ್ತು ನಿಮಿಷದಲ್ಲಿ ಕ್ರೀಮು ಒಡೆದ ಹಾಲಿನಂತೆ ಹರಳು ಹರಳಾಗಿ ಕಾಣಿಸಿತು. ಬಾಯಿಗೆ ಹಾಕಿದರೆ ಸಣ್ಣಗೆ ಮಜ್ಜಿಗೆಯ ಹುಳಿ. ಕಾರಣ ಸರಳವಾದುದು. ಅಂಗಡಿಯಲ್ಲಿ ಪೊಟ್ಟಣ ಕಟ್ಟಿ ಮಾರುವ ಬೆಣ್ಣೆಯಲ್ಲಿ ಶೇಕಡಾ 80ರಷ್ಟಾದರೂ ಕೊಬ್ಬು ಇರಲೇಬೇಕು, ನೀರಿನ ಅಂಶ ಶೇಕಡಾ 16ನ್ನು ಮೀರುವಂತಿಲ್ಲ ಎಂಬ ನಿಯಮವಿದೆ. ಕಡೆದು ತೆಗೆದ ಬೆಣ್ಣೆಯಲ್ಲಿ ಮಜ್ಜಿಗೆಯ ಅಂಶ ಎಷ್ಟು ಉಳಿದಿದೆಯೆಂಬುದಕ್ಕೆ ಲೆಕ್ಕವಿಲ್ಲ. ದೋಸೆಯ ಮೇಲೆ ಅದು ಚೆನ್ನ, ನಾಜಲ್‌ನಿಂದ ಒತ್ತುವ ಕ್ರೀಮಿಗೆ ಆಗದು. ಅಷ್ಟನ್ನೂ ಕಾಸಿ ತುಪ್ಪ ಮಾಡೋಣವೆಂದರೆ ಸಕ್ಕರೆ ಬೆರೆತುಹೋಗಿತ್ತು, ಕೊನೆಗೆ ಅದು ರವೆ ಉಂಡೆಯೊಳಗೆ ಸೇರಿಕೊಂಡಿತು.

ಎರಡನೆಯ ಸಲ ಉಪ್ಪಿಲ್ಲದ ಪೊಟ್ಟಣದ ಬೆಣ್ಣೆಯನ್ನೇ ತಂದೆ. ಆದರೆ ಸಕ್ಕರೆಯಲ್ಲಿ ಉಳಿತಾಯ ಮಾಡಲು ಹೋದೆ. ಮನೆಯ ಸಕ್ಕರೆಯನ್ನು ಮಿಕ್ಸಿಯಲ್ಲಿ ನುಣ್ಣಗೆ ಪುಡಿಮಾಡಿ, ಹಿಟ್ಟಿನ ಜರಡಿಯಲ್ಲಿ ಒಂದು ಸಲ ಆಡಿಸಿ ಹಾಕಿದೆ. ಕ್ರೀಮು ನೋಡುವುದಕ್ಕೆ ಸೊಗಸಾಗಿಯೇ ಬಂದಿತು. ಚೀಲಕ್ಕೆ ತುಂಬಿ ಒತ್ತಿದಾಗ ಮಾತ್ರ ಎರಡು ಬೊಟ್ಟು ಬಂದು ಮೂರನೆಯದಕ್ಕೆ ನಾಜಲ್ ಕಟ್ಟಿಕೊಂಡಿತು. ಜೋರಾಗಿ ಒತ್ತಿದರೆ ಪಟ್ಟೆಂದು ಒಂದು ಮುದ್ದೆ ಹೊರಗೆ ಹಾರುತ್ತಿತ್ತು. ನಾಜಲ್ ತೆಗೆದು ಹಿಂದಿನಿಂದ ನೋಡಿದರೆ, ಸಾಸಿವೆ ಕಾಳಿಗಿಂತ ಚಿಕ್ಕದಾದ ಒಂದು ಸಕ್ಕರೆ ಹರಳು ಹಲ್ಲುಗಳ ಸಂದಿಯಲ್ಲಿ ಕುಳಿತಿತ್ತು. ಹಾಗಾಗಿ ಐಸಿಂಗ್ ಶುಗರ್ ಎಂದು ಮಾರುವ ಪುಡಿಯನ್ನೇ ತನ್ನಿ, ತಂದದ್ದನ್ನೂ ಮೈದಾ ಜರಡಿಯಲ್ಲಿ ಎರಡು ಸಲ ಆಡಿಸಿರಿ. ಮಳೆಗಾಲದಲ್ಲಿ ಪೊಟ್ಟಣದೊಳಗೇ ಗಂಟುಕಟ್ಟಿರುತ್ತದೆ. ಬೆರಳಿಗೆ ಮೆತ್ತಗೆ ಸಿಗುವ ಆ ಗಂಟು ಬೀಟರ್‌ನಲ್ಲಿ ಕರಗೀತೆಂದು ಬಿಡಬಾರದು.

ಕಟ್ಟಿಕೊಂಡದ್ದಕ್ಕೆ ಸಕ್ಕರೆಯೊಂದೇ ಕಾರಣವಾಗಿರಲಿಲ್ಲ, ನಾಜಲ್ ಕೂಡ ತಪ್ಪಾಗಿತ್ತು. ಇಪ್ಪತ್ತನಾಲ್ಕು ನಾಜಲ್‌ಗಳ ಒಂದು ಡಬ್ಬಿಯನ್ನು 240 ರೂಪಾಯಿಗೆ ತರಿಸಿದ್ದೆ. ಇಷ್ಟು ಕಡಿಮೆ ದುಡ್ಡಿಗೆ ಇಷ್ಟೊಂದು ಬಂತಲ್ಲ ಎಂದು ಹಿಗ್ಗಿದ್ದೂ ಉಂಟು. ಎಲ್ಲವೂ ಬೆರಳಿನ ತುದಿಯಷ್ಟು ಚಿಕ್ಕವು. ಬರೆಯಲು, ಎಲೆ ಮಾಡಲು, ಸಣ್ಣ ಚುಕ್ಕಿ ಇಡಲು ಅವು ಸಾಕು. ಅದರಲ್ಲಿನ ನಕ್ಷತ್ರದ ನಾಜಲ್‌ನಿಂದ ನಾಲ್ಕು ಸೆಂಟಿಮೀಟರಿನ ರೋಸೆಟ್ ಮಾಡಲು ಹೊರಟರೆ ಜಿಲೇಬಿಯಂತೆ ಮೂರು ನಾಲ್ಕು ಸುತ್ತು ಸುತ್ತಬೇಕಾಗುತ್ತದೆ, ಹೂವಿನ ಭಾವವೇ ಬರುವುದಿಲ್ಲ. ಇನ್ನೂ ಒಂದು ತೊಡಕೆಂದರೆ ಅಗ್ಗದ ನಾಜಲ್‌ಗಳ ಪಕ್ಕೆಯಲ್ಲಿ ತಗಡನ್ನು ಮಡಿಸಿ ಕೂಡಿಸಿದ ಗೆರೆ ಇರುತ್ತದೆ. ಆ ಗೆರೆ ಕ್ರೀಮಿನ ಮೇಲೆ ಒಂದು ಸೀಳಿನಂತೆ ಮೂಡುತ್ತದೆ, ಎರಡು ಸಲ ತೊಳೆದರೆ ಅಲ್ಲಿಂದಲೇ ತುಕ್ಕು ಶುರುವಾಗುತ್ತದೆ. ಬಾಯನ್ನು ಎದುರಿನಿಂದ ನೋಡಿ, ಹಲ್ಲುಗಳು ಸಮವಾಗಿವೆಯೇ ಎಂದು ಪರೀಕ್ಷಿಸುವುದೂ ಅಗತ್ಯ. ಒಂದೇ ಒಂದು ಹಲ್ಲು ಒಳಕ್ಕೆ ಬಾಗಿದ್ದರೂ ಸುರುಳಿ ಒಂದು ಪಕ್ಕಕ್ಕೆ ವಾಲಿಕೊಂಡು ಬರುತ್ತದೆ.

ಬೇಕಾಗಿದ್ದುದು ಎರಡೇ ನಾಜಲ್. ರೋಸೆಟ್‌ಗೆ 1ಎಂ ಎಂಬ ದೊಡ್ಡ ತೆರೆದ ನಕ್ಷತ್ರ. ಬುಡದ ಅಂಚಿಗೆ 21 ಎಂಬ ಚಿಕ್ಕ ತೆರೆದ ನಕ್ಷತ್ರ. ಈ ಸಂಖ್ಯೆಗಳು ನಾಜಲ್‌ನ ಮೈಮೇಲೆಯೇ ಒತ್ತಿರುತ್ತವೆ. ಇವೆರಡನ್ನು 180 ರೂಪಾಯಿಗೆ ತರಿಸಿದೆ, ಬರಲು ಆರು ದಿನ ಕಾಯಬೇಕಾಯಿತು. ಅಂಗಡಿಯವರು 2ಡಿ ಎಂಬುದನ್ನೂ ತೋರಿಸುತ್ತಾರೆ. ಅದು ಮುಚ್ಚಿದ ನಕ್ಷತ್ರ, ಅಂದರೆ ಹಲ್ಲುಗಳು ಒಳಮುಖವಾಗಿ ಬಾಗಿರುತ್ತವೆ. ಅದರಿಂದ ಬರುವ ರೋಸೆಟ್‌ನಲ್ಲಿ ಎಸಳುಗಳು ಹೆಚ್ಚು, ಗೆರೆಗಳು ಆಳ, ನೋಡಲು ಹೆಚ್ಚು ಗುಲಾಬಿಯೇ. ಆದರೆ ಕ್ರೀಮಿನ ಹದ ತುಸು ಬಿರುಸಾದರೂ ಅದರ ಎಸಳುಗಳ ಅಂಚು ಹರಿಯುತ್ತದೆ. ಕಲಿಯುವವರಿಗೆ 1ಎಂ ಹೆಚ್ಚು ಕ್ಷಮೆಯುಳ್ಳದ್ದು.

ನಾಜಲ್ ಬಂದ ದಿನವೇ ಚೀಲದ ಪಾಠವಾಯಿತು. ಬಿಸಾಡುವ ಪ್ಲಾಸ್ಟಿಕ್ ಚೀಲದ ತುದಿಯನ್ನು ಅಂದಾಜಿನಲ್ಲಿ ಕತ್ತರಿಸಿ, 1ಎಂ ಅನ್ನು ಒಳಗಿನಿಂದ ಇಳಿಸಿದೆ. ನಾಲ್ಕನೆಯ ರೋಸೆಟ್ ಒತ್ತುವಾಗ ನಾಜಲ್ ಸಮೇತ ಅರ್ಧ ಚೀಲ ಕ್ರೀಮು ತಟ್ಟೆಯ ಮೇಲೆ ಕುಳಿತಿತ್ತು. ನಾನು ಅಗತ್ಯಕ್ಕಿಂತ ಒಂದು ಸೆಂಟಿಮೀಟರ್ ಹೆಚ್ಚು ಕತ್ತರಿಸಿದ್ದೆ. ಮೊದಲು ನಾಜಲ್ಲನ್ನು ಕತ್ತರಿಸದ ಚೀಲದೊಳಗೆ ತುದಿಯವರೆಗೂ ಇಳಿಸಿ, ಅದರ ಉದ್ದದ ಮೂರನೆಯ ಒಂದು ಭಾಗ ಎಲ್ಲಿಗೆ ಬರುತ್ತದೆಯೋ ಅಲ್ಲಿ ಉಗುರಿನಿಂದ ಗುರುತು ಮಾಡಿ, ನಾಜಲ್ಲನ್ನು ಹಿಂದಕ್ಕೆ ಸರಿಸಿ, ಆ ಗುರುತಿನ ಮೇಲೆ ಕತ್ತರಿಸಬೇಕು. ಕಡಿಮೆ ಕತ್ತರಿಸಿದರೆ ಮತ್ತೆ ಕತ್ತರಿಸಬಹುದು. ಡಬ್ಬಿಯ ಜೊತೆ ಬಂದ, ನಾಜಲ್ಲನ್ನು ಚೀಲಕ್ಕೆ ಕೂಡಿಸುವ ಕಪ್ಲರ್ ಎಂಬ ಪ್ಲಾಸ್ಟಿಕ್ ತಿರುಪು 21ಕ್ಕೆ ಸರಿಹೊಂದುತ್ತದೆ, 1ಎಂ ದೊಡ್ಡದಾದ್ದರಿಂದ ಅದಕ್ಕೆ ಕೂಡುವುದಿಲ್ಲ. ಕೂಡಲಿಲ್ಲವೆಂದು ಅದನ್ನು ಹಿಂದಕ್ಕೆ ಕಳಿಸಲು ಹೊರಟವಳು ನಾನು. ದೊಡ್ಡ ನಾಜಲ್ ನೇರವಾಗಿ ಚೀಲದೊಳಗೇ ಕೂರುವಂಥದ್ದು.

ತುಂಬುವುದಕ್ಕೆ ಚೀಲವನ್ನು ಎತ್ತರದ ಲೋಟದೊಳಗೆ ನಿಲ್ಲಿಸಿ ಬಾಯನ್ನು ಹೊರಕ್ಕೆ ಮಡಚಿಕೊಂಡರೆ ಎರಡೂ ಕೈ ಬಿಡುವಾಗುತ್ತವೆ. ಅರ್ಧಕ್ಕಿಂತ ಹೆಚ್ಚು ತುಂಬಬಾರದು. ನಾನು ಒಂದು ಸಲಕ್ಕೆ 150 ಗ್ರಾಂನಷ್ಟೇ ತುಂಬುತ್ತಿದ್ದೆ, ಅದರ ಕಾರಣ ಮುಂದೆ ಬರುತ್ತದೆ. ತುಂಬಿದ ಮೇಲೆ ಮೇಜಿನ ಮೇಲೆ ಮಲಗಿಸಿ, ಸ್ಪ್ಯಾಚುಲಾದಿಂದ ಕ್ರೀಮನ್ನು ಮುಂದಕ್ಕೆ ಒತ್ತಿ, ಹಿಂದಿನ ಖಾಲಿ ಭಾಗವನ್ನು ಬಿಗಿಯಾಗಿ ತಿರುಚಬೇಕು.

ಈಗ ಹದದ ವಿಷಯ. ಐದು ವಾರಗಳಲ್ಲಿ ಮೂರು ವಾರ ಹೋದದ್ದು ಇದರ ಮೇಲೆಯೇ. ಮೂರನೆಯ ಸಲದ ಕ್ರೀಮನ್ನು ಅಭ್ಯಾಸಕ್ಕೆಂದೇ ಮಾಡಿದೆ. ಉಪ್ಪಿಲ್ಲದ ಬೆಣ್ಣೆ 250 ಗ್ರಾಂ, ಐಸಿಂಗ್ ಶುಗರ್ 500 ಗ್ರಾಂ, ಅಂದರೆ ತೂಕದಲ್ಲಿ ಒಂದಕ್ಕೆ ಎರಡು. ಅಭ್ಯಾಸದ ಕ್ರೀಮನ್ನು ತಟ್ಟೆಯ ಮೇಲೆ ಒತ್ತಿ, ಕೆರೆದು, ಮತ್ತೆ ಚೀಲಕ್ಕೆ ತುಂಬಿ ಎರಡು ವಾರ ಉಪಯೋಗಿಸಿದೆ. ಅಷ್ಟು ಸಲ ಕೈಯಾಡಿದ್ದನ್ನು ತಿನ್ನುವ ಹಾಗಿಲ್ಲವಾದ್ದರಿಂದ ಕೊನೆಗೆ ಎಸೆದೆ.

ಮೊದಲ ದಿನ ಹಾಲು ಹಾಕದೆಯೇ ಒತ್ತಿದೆ. ರೋಸೆಟ್‌ನ ಪ್ರತಿ ಗೆರೆಯ ಅಂಚೂ ಗರಗಸದ ಹಲ್ಲಿನಂತೆ ಹರಿದಿತ್ತು, ಅಂಗೈ ನೋಯುವಷ್ಟು ಬಲ ಹಾಕಬೇಕಾಗಿತ್ತು. ಅತ್ತೆಯವರು ಸೊಪ್ಪು ಬಿಡಿಸುತ್ತ ಪಕ್ಕದಲ್ಲೇ ಕುಳಿತಿದ್ದರು. ತಟ್ಟೆಯ ಕಡೆ ಒಂದು ಸಲ ನೋಡಿ, “ಹಿಟ್ಟು ಬಿರುಸಾದ್ರೆ ಚಕ್ಕುಲಿನೂ ಹಿಂಗೇ ಹರಿತೈತಿ ನೋಡಮ್ಮ,” ಎಂದರು. ನಾನು, “ಅತ್ತೆ, ಚಕ್ಕುಲಿಗಾದರೆ ನೀರು ಚಿಮುಕಿಸ್ತೀರಿ, ಇದಕ್ಕೆ ಏನು ಮಾಡಲಿ?” ಎಂದೆ. “ಇದಕ್ಕೂ ಅಷ್ಟೆ. ಒಂದೇ ಸಲ ಸುರಿಬ್ಯಾಡ,” ಎಂದು ಮತ್ತೆ ಸೊಪ್ಪಿಗೆ ತಿರುಗಿದರು. ನಾನು ನೋಡಿದ ಯಾವ ವೀಡಿಯೊದಲ್ಲಿಯೂ ಈ ಗುರುತನ್ನು ಇಷ್ಟು ನೇರವಾಗಿ ಹೇಳಿರಲಿಲ್ಲ. ಚಕ್ಕುಲಿ ಒರಳಿನ ಬಿಲ್ಲೆಯೂ ನಾಜಲ್ಲೂ ಒಂದೇ ಜಾತಿಯವು, ಮುಳ್ಳು ಮುರಿದು ಬಂದರೆ ಒದ್ದೆ ಸಾಲದೆಂದೇ ಅರ್ಥ.

ಅಂದಿನಿಂದ ಹಾಲನ್ನು ಟೀ ಚಮಚದ ಲೆಕ್ಕದಲ್ಲಿ ಹಾಕತೊಡಗಿದೆ. ಒಂದು ಬಟ್ಟಲು ಕ್ರೀಮಿಗೆ ಒಂದೇ ಚಮಚ ಹಾಲು ಹದವನ್ನು ಒಂದು ಮೆಟ್ಟಿಲು ಇಳಿಸಿಬಿಡುತ್ತದೆ. ಹೂವಿನ ಬಿಡಿ ಎಸಳುಗಳಿಗೆ ಬೇಕಾಗುವುದು ಗಟ್ಟಿ ಹದ, ಕೇಕಿನ ಮೈಗೆ ಹಚ್ಚಲು ತೆಳು ಹದ, ರೋಸೆಟ್ ಮತ್ತು ಅಂಚಿಗೆ ಇವೆರಡರ ನಡುವಿನದು. ಪರೀಕ್ಷೆ ಸುಲಭ. ಸ್ಪ್ಯಾಚುಲಾವನ್ನು ಕ್ರೀಮಿನೊಳಗೆ ಅದ್ದಿ ನೇರವಾಗಿ ಮೇಲಕ್ಕೆ ಎಳೆದಾಗ ಏಳುವ ಮೊನೆ ಮುಳ್ಳಿನಂತೆ ನೆಟ್ಟಗೆ ನಿಂತರೆ ಇನ್ನೂ ಗಟ್ಟಿ. ಮೊನೆ ನಿಂತು, ತುದಿ ಮಾತ್ರ ಗಿಳಿಯ ಮೂಗಿನಂತೆ ಬಾಗಿದರೆ ರೋಸೆಟ್‌ಗೆ ಸರಿ. ಮೊನೆ ಪೂರ್ತಿ ಮಲಗಿದರೆ ಹಚ್ಚುವುದಕ್ಕೆ ಮಾತ್ರ. 250 ಗ್ರಾಂ ಬೆಣ್ಣೆಯ ಕ್ರೀಮಿಗೆ ನನಗೆ ಮೂರು ಟೀ ಚಮಚ ಹಾಲು ಬೇಕಾಯಿತು. ನಿಮ್ಮ ಬೆಣ್ಣೆಗೆ ಎರಡೇ ಸಾಕಾಗಬಹುದು, ಆದ್ದರಿಂದ ಎರಡರ ನಂತರ ಅರ್ಧರ್ಧ ಚಮಚ ಹಾಕಿ ನೋಡಿರಿ.

ಇಲ್ಲಿಗೆ ಮುಗಿಯಿತೆಂದುಕೊಂಡೆ. ಮರುದಿನ ಮಧ್ಯಾಹ್ನ ಮೂರು ಗಂಟೆಗೆ ಅದೇ ಕ್ರೀಮು, ಅದೇ ನಾಜಲ್. ಮೊದಲ ಎರಡು ರೋಸೆಟ್ ಚೆಂದವಾಗಿ ಬಂದವು, ಐದನೆಯದರ ಗೆರೆಗಳು ಮೊಂಡಾದವು, ಎಂಟನೆಯದು ಸಗಣಿಯ ಕುಪ್ಪೆಯಂತೆ ಕುಸಿದು ಕುಳಿತಿತು. ತೆಳ್ಳಗಾಯಿತೆಂದು ನಾನು ಸಕ್ಕರೆ ಸೇರಿಸಿದೆ. ಸಾಲಲಿಲ್ಲವೆಂದು ಇನ್ನಷ್ಟು. ಹೀಗೆ 150 ಗ್ರಾಂ ಹೆಚ್ಚಿಗೆ ಹೋಯಿತು. ಅಷ್ಟಾದರೂ ಕ್ರೀಮು ಜಾರುತ್ತಲೇ ಇತ್ತು. ಬೇಸರದಿಂದ ಪಾತ್ರೆಯನ್ನು ಫ್ರಿಜ್‌ನಲ್ಲಿಟ್ಟು ಮಲಗಿದೆ. ಬೆಳಗ್ಗೆ ತೆಗೆದರೆ ಅದು ಗೋಡೆಯ ಗಾರೆಯಂತಾಗಿತ್ತು, ಹೊರಗಿಟ್ಟು ತಣುಪು ಬಿಟ್ಟ ಮೇಲೂ ಒತ್ತಲಾಗದಷ್ಟು ಬಿರುಸು.

ಕ್ರೀಮು ಮೆತ್ತಗಾಗುವುದಕ್ಕೆ ಎರಡು ಬೇರೆ ಬೇರೆ ಕಾರಣಗಳಿವೆಯೆಂದು ಆಗ ತಿಳಿಯಿತು. ಒಂದು, ಹಾಲು ಹೆಚ್ಚಾದದ್ದು. ಇನ್ನೊಂದು, ಬೆಣ್ಣೆ ಕರಗುತ್ತಿರುವುದು. ಮೊದಲನೆಯದಕ್ಕೆ ಸಕ್ಕರೆ ಮದ್ದು, ಎರಡನೆಯದಕ್ಕೆ ತಂಪು ಮಾತ್ರ ಮದ್ದು. ಬೆಣ್ಣೆ ಪೂರ್ತಿ ಕರಗಿ ಎಣ್ಣೆಯಾಗುವುದು 32ರಿಂದ 35 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ. ಒತ್ತುವ ಕೆಲಸಕ್ಕೆ ಅದು 20ರಿಂದ 22 ಡಿಗ್ರಿಯಲ್ಲಿ ಇರಬೇಕು. ಆ ಮಧ್ಯಾಹ್ನ ನಮ್ಮ ಅಡುಗೆಮನೆಯಲ್ಲಿ ಗೋಡೆಯ ಮೇಲಿನ ಮಾಪಕ 34 ತೋರಿಸುತ್ತಿತ್ತು, ಸಾಲದೆಂದು ನನ್ನ ಅಂಗೈಯ ಬಿಸಿಯೂ ಚೀಲವನ್ನು ಕಾಯಿಸುತ್ತಿತ್ತು. ಇಷ್ಟಾದ ಮೇಲೆ ಸಕ್ಕರೆ ಹಾಕಿ ಗಟ್ಟಿ ಮಾಡಲು ಹೊರಟದ್ದೇ ತಪ್ಪು.

ಎರಡನ್ನೂ ಕಣ್ಣಿನಿಂದಲೇ ಬೇರ್ಪಡಿಸಬಹುದು. ಕರಗುತ್ತಿರುವ ಕ್ರೀಮು ಎಣ್ಣೆ ಹಚ್ಚಿದಂತೆ ಹೊಳೆಯುತ್ತದೆ, ಬೆರಳಲ್ಲಿ ಉಜ್ಜಿದರೆ ಜಿಡ್ಡು ಬಿಡುತ್ತದೆ, ಚೀಲ ಬಿಸಿಯಾಗಿರುತ್ತದೆ, ಮತ್ತು ಮೊದಲ ಹೂವು ಚೆನ್ನಾಗಿದ್ದು ಕೊನೆಯದು ಕೆಟ್ಟಿರುತ್ತದೆ. ಹಾಲು ಹೆಚ್ಚಾದ ಕ್ರೀಮಿಗೆ ಆ ಹೊಳಪಿಲ್ಲ, ನೋಡಲು ಮಂಕಾಗಿಯೇ ಇದ್ದು, ಮೊದಲ ಹೂವಿನಿಂದಲೇ ಒಂದೇ ಸಮನೆ ಕುಸಿಯುತ್ತದೆ. ಈ ಕೊನೆಯ ಗುರುತನ್ನೇ ನಾನು ಹೆಚ್ಚು ನಂಬುತ್ತೇನೆ. ಕರಗಿದ್ದರೆ ಚೀಲವನ್ನು ಹಾಗೆಯೇ ಹತ್ತು ನಿಮಿಷ ಫ್ರಿಜ್‌ನಲ್ಲಿಟ್ಟು, ಹೊರತೆಗೆದು ಒಂದೆರಡು ಸಲ ಮೆಲ್ಲಗೆ ಹಿಸುಕಿ ಹದಮಾಡಿಕೊಂಡರೆ ಸಾಕು. ಹೆಚ್ಚು ಹೊತ್ತು ಇಟ್ಟರೆ ಪ್ಲಾಸ್ಟಿಕ್‌ಗೆ ತಾಗಿದ ಕ್ರೀಮು ಗಟ್ಟಿಯಾಗಿ, ನಡುವಿನದು ಮೆತ್ತಗೇ ಉಳಿಯುತ್ತದೆ, ಆಗ ಒತ್ತಿದರೆ ತುಂಡು ತುಂಡಾಗಿ ಬರುತ್ತದೆ.

ಒಂದು ಸಲಕ್ಕೆ 150 ಗ್ರಾಂ ತುಂಬುವುದು ಇದಕ್ಕಾಗಿಯೇ. ಎರಡು ಚೀಲ ತುಂಬಿಸಿ ಒಂದು ಕೈಯಲ್ಲಿ, ಒಂದು ಫ್ರಿಜ್‌ನಲ್ಲಿ ಇಟ್ಟುಕೊಂಡು, ನಾಲ್ಕೈದು ರೋಸೆಟ್‌ಗೊಮ್ಮೆ ಬದಲಾಯಿಸುತ್ತ ಹೋದೆ. ಅಂಗೈಗೂ ಚೀಲಕ್ಕೂ ನಡುವೆ ಮಡಚಿದ ಹತ್ತಿಯ ಕರವಸ್ತ್ರ ಇಟ್ಟುಕೊಂಡದ್ದೂ ನೆರವಾಯಿತು. ಬಿಸಿಲಿನ ದಿನ ಸೆಖೆಯೆಂದು ತಲೆಯ ಮೇಲೆ ಫ್ಯಾನ್ ಹಾಕಿಕೊಂಡರೆ ಇನ್ನೊಂದು ಉಪದ್ರವ. ಇಷ್ಟು ಸಕ್ಕರೆಯಿರುವ ಕ್ರೀಮು ಗಾಳಿಗೆ ಹೊರಪದರ ಕಟ್ಟುತ್ತದೆ. ನಾಜಲ್‌ನ ತುದಿಯಲ್ಲಿ ನಿಂತ ಕ್ರೀಮು ಒಣಗಿ, ಮುಂದಿನ ಹೂವಿನ ಮೊದಲ ಅಂಚು ಹರಿದು ಬರುತ್ತದೆ, ಹದ ತಪ್ಪಿತೆಂದು ನಾವು ಸುಮ್ಮನೆ ಹಾಲು ಸುರಿಯುತ್ತೇವೆ. ಫ್ಯಾನ್ ನಿಲ್ಲಿಸಿ, ಬಿಡುವಿನಲ್ಲಿ ನಾಜಲ್‌ನ ತುದಿಯನ್ನು ಒದ್ದೆ ಬಟ್ಟೆಯ ಮೇಲೆ ಇಟ್ಟರಾಯಿತು.

ಒತ್ತಡವನ್ನು ಕಲಿತದ್ದು ರೋಸೆಟ್‌ನಿಂದಲ್ಲ, ಗೆರೆಯಿಂದ. ಸ್ಟೀಲ್ ತಟ್ಟೆಯನ್ನು ಬೋರಲು ಹಾಕಿ ಅದರ ಬೆನ್ನಿನ ಮೇಲೆ ಒಂದು ಗೇಣು ಉದ್ದದ ಗೆರೆಗಳನ್ನು ಎಳೆಯುತ್ತ ಹೋದೆ. ಗೆರೆ ಸುಳ್ಳು ಹೇಳುವುದಿಲ್ಲ. ಕೈ ಬಿಗಿ ಮಾಡಿದಲ್ಲಿ ಉಬ್ಬುತ್ತದೆ, ಸಡಿಲಿಸಿದಲ್ಲಿ ಸೊರಗುತ್ತದೆ, ಚೀಲ ಮುಂದೋಡಿ ಕ್ರೀಮು ಹಿಂದುಳಿದಲ್ಲಿ ಕಡಿಯುತ್ತದೆ. ನನ್ನ ಗೆರೆಗಳೆಲ್ಲ ಕೊನೆಗೆ ಸೊರಗುತ್ತಿದ್ದವು. ಕಾರಣವೇನೆಂದರೆ ಚೀಲ ಖಾಲಿಯಾಗುತ್ತ ಬಂದಂತೆ ತಿರುಚು ಸಡಿಲವಾಗಿ, ನಾನು ಹಿಸುಕಿದ ಬಲದ ಅರ್ಧ ಖಾಲಿ ಪ್ಲಾಸ್ಟಿಕ್‌ಗೆ ಹೋಗುತ್ತಿತ್ತು. ಹೆಬ್ಬೆರಳು ಮತ್ತು ತೋರುಬೆರಳಿನ ಕವಲಿನಲ್ಲಿ ತಿರುಚನ್ನು ಕಚ್ಚಿಹಿಡಿದು, ಉಳಿದ ಮೂರು ಬೆರಳು ಮತ್ತು ಅಂಗೈಯಿಂದ ಮಾತ್ರ ಹಿಸುಕಬೇಕು, ಪ್ರತಿ ಎರಡು ಮೂರು ಹೂವಿಗೊಮ್ಮೆ ತಿರುಚನ್ನು ಬಿಗಿಗೊಳಿಸಬೇಕು. ಎಡಗೈ ಒತ್ತುವುದಿಲ್ಲ, ನಾಜಲ್‌ನ ಹತ್ತಿರ ಎರಡು ಬೆರಳಿಟ್ಟು ದಾರಿ ತೋರಿಸುತ್ತದೆ ಅಷ್ಟೆ. ನಾನು ಎರಡೂ ಕೈಯಿಂದ ಹಿಸುಕುತ್ತಿದ್ದೆ. ಅದರಿಂದ ಕ್ರೀಮು ಹಿಂದಿನಿಂದ ಉಕ್ಕಿ ಮಣಿಕಟ್ಟಿನವರೆಗೂ ಹರಿದಿತ್ತು.

ಗೆರೆಯ ನಡುವೆ ಟಪ್ಪೆಂದು ಸಿಡಿದು ಗುಳಿ ಬೀಳುವುದೂ ಉಂಟು. ಅದು ಒತ್ತಡದ ದೋಷವಲ್ಲ, ಗಾಳಿಯ ಗುಳ್ಳೆ. ಬೀಟರ್‌ನ ವೇಗ ಹೆಚ್ಚಿಟ್ಟಷ್ಟೂ ಗುಳ್ಳೆಗಳು ಹೆಚ್ಚು. ಕೊನೆಯ ಎರಡು ನಿಮಿಷ ಅತ್ಯಂತ ಕಡಿಮೆ ವೇಗದಲ್ಲಿ ಆಡಿಸಿ, ನಂತರ ಸ್ಪ್ಯಾಚುಲಾದಿಂದ ಪಾತ್ರೆಯ ಗೋಡೆಗೆ ಕ್ರೀಮನ್ನು ಒತ್ತಿ ಒತ್ತಿ ತೀಡಿದರೆ ಗುಳ್ಳೆಗಳು ಒಡೆಯುವುದು ಕಾಣಿಸುತ್ತದೆ.

ಗೆರೆ ಸಮವಾದ ಮೇಲೆ ರೋಸೆಟ್ ಎರಡು ದಿನದಲ್ಲಿ ಬಂದಿತು. ಚೀಲವನ್ನು ಕಂಬದಂತೆ ನೇರವಾಗಿ ಹಿಡಿದು, ನಾಜಲ್ಲನ್ನು ಮೇಲ್ಮೈಗೆ ತಾಗಿಸದೆ ಅರ್ಧ ಸೆಂಟಿಮೀಟರ್ ಎತ್ತರದಲ್ಲಿ ನಿಲ್ಲಿಸಬೇಕು. ಮೊದಲು ಅಲುಗಾಡದೆ ಒತ್ತಿ, ನಡುವೆ ಒಂದು ನಕ್ಷತ್ರ ಮೂಡಲಿ. ಒತ್ತಡ ಬಿಡದೆಯೇ ನಾಜಲ್ಲನ್ನು ತುಸು ಎತ್ತಿ, ಆ ನಕ್ಷತ್ರದ ಪಕ್ಕದಿಂದ ಅದನ್ನು ಒರಸಿಕೊಂಡೇ ಒಂದು ಸುತ್ತು ಬರಬೇಕು. ಸುತ್ತು ಮುಕ್ಕಾಲು ದಾಟಿದಾಗ ಒತ್ತುವುದನ್ನು ನಿಲ್ಲಿಸಿ, ಕೈಯನ್ನು ಮಾತ್ರ ಅದೇ ವೃತ್ತದ ದಾರಿಯಲ್ಲಿ ಮುಂದುವರಿಸಿದರೆ ಬಾಲ ಮೆಲ್ಲಗೆ ಒಳಗೆ ಸೇರಿಹೋಗುತ್ತದೆ. ಒತ್ತುತ್ತಲೇ ಮೇಲಕ್ಕೆತ್ತಿದರೆ ಕೊಂಬು ಏಳುತ್ತದೆ. ನನ್ನ ಮೊದಲ ಐವತ್ತಕ್ಕೂ ಕೊಂಬಿತ್ತು. ನಾಜಲ್ಲನ್ನು ತಗ್ಗಿಸಿ ಹಿಡಿದರೆ ಮಾಡಿದ ಗೆರೆಗಳನ್ನೇ ಅದು ಉಜ್ಜಿಹಾಕುತ್ತದೆ. ನಡುವೆ ತೂತು ಉಳಿದರೆ ನಕ್ಷತ್ರಕ್ಕೆ ತೀರ ದೂರದಿಂದ ಸುತ್ತಿದ್ದೀರಿ ಎಂದರ್ಥ. ಎಲ್ಲ ರೋಸೆಟ್‌ಗಳೂ ಒಂದೇ ದಿಕ್ಕಿಗೆ ಸುತ್ತಬೇಕೆಂಬುದನ್ನು ಮರೆಯಬಾರದು, ಒಂದು ಎಡಕ್ಕೆ ಒಂದು ಬಲಕ್ಕೆ ಸುತ್ತಿದರೆ ದೂರದಿಂದಲೂ ಎದ್ದು ಕಾಣುತ್ತದೆ.

ಲೆಕ್ಕದ ಒಂದು ಮುಜುಗರವನ್ನೂ ಹೇಳಿಬಿಡುತ್ತೇನೆ. 20 ಸೆಂಟಿಮೀಟರ್ ಕೇಕಿನ ಸುತ್ತಳತೆ ಸುಮಾರು 63 ಸೆಂಟಿಮೀಟರ್, ರೋಸೆಟ್ ನಾಲ್ಕು ಸೆಂಟಿಮೀಟರ್, ಆದ್ದರಿಂದ ಹದಿನಾರು ಹೂವು ಹಿಡಿಯುತ್ತವೆ ಎಂದು ಬರೆದಿಟ್ಟುಕೊಂಡಿದ್ದೆ. ಡಬ್ಬಿಯ ಮುಚ್ಚಳವೊಂದರ ಮೇಲೆ ಒತ್ತಿ ನೋಡಿದಾಗ ಹದಿಮೂರನೆಯದಕ್ಕೇ ಜಾಗವಿರಲಿಲ್ಲ. ಹೂವು ಅಂಚಿನ ಹೊರಗೆ ನೇತಾಡುವುದಿಲ್ಲ, ಒಳಗೆ ಕೂರುತ್ತದೆ. ಹಾಗಾಗಿ ಹೂವುಗಳ ನಡುಬಿಂದು ಇರುವುದು ಅಂಚಿನಿಂದ ಎರಡು ಸೆಂಟಿಮೀಟರ್ ಒಳಗಿನ, ಅಂದರೆ 16 ಸೆಂಟಿಮೀಟರ್ ಅಗಲದ ವೃತ್ತದ ಮೇಲೆ. ಅದರ ಸುತ್ತಳತೆ 50 ಸೆಂಟಿಮೀಟರ್. ನಾಲ್ಕರಿಂದ ಭಾಗಿಸಿದರೆ ಹನ್ನೆರಡೂವರೆ. ಹನ್ನೆರಡು ಹೂವನ್ನು ಎರಡೆರಡು ಮಿಲಿಮೀಟರ್ ದೊಡ್ಡದಾಗಿ ಒತ್ತಿದರೆ ಸುತ್ತು ಸರಿಯಾಗಿ ಕೂಡುತ್ತದೆ. ಹನ್ನೆರಡು ಬಂದದ್ದು ಅನುಕೂಲವೇ ಆಯಿತು. ಹಲ್ಲುಕಡ್ಡಿಯಿಂದ ಗಡಿಯಾರದ ಅಂಕಿಗಳಂತೆ ಚುಕ್ಕಿಯಿಟ್ಟು, ಮೊದಲು ಹನ್ನೆರಡು, ಮೂರು, ಆರು, ಒಂಬತ್ತರ ಮೇಲೆ ಒತ್ತಿ, ಆಮೇಲೆ ನಡುವಿನ ಎರಡೆರಡನ್ನು ತುಂಬಿದರೆ ಕೊನೆಯಲ್ಲಿ ಅರ್ಧ ಹೂವಿನ ಸಂದಿ ಉಳಿಯುವ ಭಯವಿಲ್ಲ.

ಶೆಲ್ ಬಾರ್ಡರ್‌ಗೆ ಕೈಯ ಭಂಗಿಯೇ ಬೇರೆ. ಚೀಲವನ್ನು ಓರೆಯಾಗಿ, ಸುಮಾರು 45 ಡಿಗ್ರಿಗೆ ಬಾಗಿಸಿ ಹಿಡಿಯಬೇಕು. ನಿಂತಲ್ಲೇ ಒತ್ತಿ ಕ್ರೀಮು ಬೀಸಣಿಗೆಯಂತೆ ಹರಡಿ ಉಬ್ಬಿದಾಗ, ನಾಜಲ್ಲನ್ನು ಕೂದಲೆಳೆಯಷ್ಟು ಎತ್ತಿ, ಒತ್ತಡವನ್ನು ಇಳಿಸುತ್ತ ಕೆಳಕ್ಕೆಳೆದು, ಬಾಲ ಕೇಕಿನ ಕೆಳಗಿನ ಹಲಗೆಗೆ ತಾಗಿದಲ್ಲಿ ನಿಲ್ಲಿಸಬೇಕು. ಮುಂದಿನ ಶೆಲ್ಲಿನ ತಲೆ ಈ ಬಾಲದ ಮೇಲೆ ಕುಳಿತು ಅದನ್ನು ಮುಚ್ಚುತ್ತದೆ. ರೋಸೆಟ್‌ನಲ್ಲಿ ಒತ್ತಡ ಒಂದೇ ಸಮ, ಇಲ್ಲಿ ಹೆಚ್ಚಿ ಇಳಿಯಬೇಕು. ನನಗೆ ಇದು ಬೇಗ ಒಗ್ಗಿತು. ಒಗ್ಗದೆ ಇದ್ದದ್ದು ಸುತ್ತಿನ ಕೊನೆ, ಅಲ್ಲಿ ಒಂದೂ ಕಾಲು ಶೆಲ್ಲಿನ ಜಾಗ ಉಳಿಯುತ್ತದೆ. ಹತ್ತು ಸೆಂಟಿಮೀಟರ್ ಇರುವಾಗಲೇ ಕಣ್ಣಳತೆ ಮಾಡಿ, ಉಳಿದ ಶೆಲ್‌ಗಳನ್ನು ಒಂದಿಷ್ಟು ಹಿಗ್ಗಿಸುವುದೇ ಉಪಾಯ. ಆಗಲೂ ಕೂಡದಿದ್ದರೆ ಆ ಭಾಗವನ್ನು ಗೋಡೆಯ ಕಡೆಗೆ ತಿರುಗಿಸಿಡುವುದು. 320 ರೂಪಾಯಿಯ ಪ್ಲಾಸ್ಟಿಕ್ ಟರ್ನ್‌ಟೇಬಲ್ ದಂಡವಾಗಲಿಲ್ಲವೆಂದು ಅನಿಸಿದ್ದು ಈ ಹಂತದಲ್ಲಿ. ಕೈ ಒಂದೇ ಕಡೆ ನಿಂತು ಕೇಕೇ ತಿರುಗುವುದರಿಂದ ಓರೆ ಬದಲಾಗುವುದಿಲ್ಲ.

ಹುಟ್ಟುಹಬ್ಬದ ಕ್ರೀಮಿಗೆ ಬೆಣ್ಣೆ 300 ಗ್ರಾಂ, ವನಸ್ಪತಿ 75 ಗ್ರಾಂ, ಐಸಿಂಗ್ ಶುಗರ್ 750 ಗ್ರಾಂ ತೆಗೆದುಕೊಂಡೆ. ವನಸ್ಪತಿ ಬೆಣ್ಣೆಗಿಂತ ಹೆಚ್ಚು ಬಿಸಿ ತಡೆಯುತ್ತದೆ. ಐದರಲ್ಲಿ ಒಂದು ಪಾಲು ಮೀರಿದರೆ ಮೇಲ್ದವಡೆಗೆ ಜಿಡ್ಡು ಅಂಟಿದಂತಾಗುತ್ತದೆ, ಆದ್ದರಿಂದ ಅಲ್ಲಿಗೇ ನಿಲ್ಲಿಸಿದೆ. ಗುಲಾಬಿ ಬಣ್ಣಕ್ಕೆ ಜೆಲ್ ಕಲರ್ ಬಳಸಿದೆ, ನೀರಿನಂತಿರುವ ಬಣ್ಣ ಹಾಕಿದರೆ ಹದ ಕೆಡುತ್ತದೆ. ಬಣ್ಣ ಎರಡು ಮೂರು ಗಂಟೆಗಳಲ್ಲಿ ತಾನಾಗಿಯೇ ಗಾಢವಾಗುವುದರಿಂದ, ಬೇಕಾದುದಕ್ಕಿಂತ ಒಂದು ಛಾಯೆ ತೆಳುವಾಗಿರುವಾಗಲೇ ಕೈ ತಡೆಯಬೇಕು.

ಬೆಳಗ್ಗೆ ಐದೂವರೆಗೆ ಎದ್ದೆ. ಅಡುಗೆಮನೆ 28 ಡಿಗ್ರಿ ಇತ್ತು. ಹಿಂದಿನ ರಾತ್ರಿಯೇ ಕ್ರೀಮು ಹಚ್ಚಿ ಫ್ರಿಜ್‌ನಲ್ಲಿಟ್ಟಿದ್ದ ಕೇಕನ್ನು ಹೊರತೆಗೆದು, ಮೇಲ್ಮೈಯಲ್ಲಿ ಮೂಡಿದ್ದ ಸಣ್ಣ ತೇವವನ್ನು ಕಾಗದದಿಂದ ಒತ್ತಿ ತೆಗೆದೆ, ತೇವವಿದ್ದರೆ ಹೂವು ಜಾರುತ್ತದೆ. ಏಳು ರೋಸೆಟ್ ಮುಗಿದಿತ್ತು, ಕರೆಂಟ್ ಹೋಯಿತು. ಫ್ರಿಜ್‌ನ ಬಾಗಿಲು ಮತ್ತೆ ಮತ್ತೆ ತೆರೆಯುವ ಹಾಗಿಲ್ಲ. ಅತ್ತೆಯವರು ಒಂದು ದೊಡ್ಡ ಬೋಗುಣಿಗೆ ಮಣ್ಣಿನ ಹೂಜಿಯ ನೀರು ಸುರಿದು, ಫ್ರೀಜರ್‌ನಲ್ಲಿದ್ದ ಮಂಜುಗಡ್ಡೆಯನ್ನೆಲ್ಲ ಒಮ್ಮೆಗೇ ತೆಗೆದು ಹಾಕಿ, ಅದರ ಮೇಲೆ ಸ್ಟೀಲ್ ತಟ್ಟೆ ಇಟ್ಟು, “ಚೀಲ ಇದರ ಮ್ಯಾಲೆ ಮಲಗ್ಸು,” ಎಂದರು. ಐದು ಹೂವು ಹಾಗೆಯೇ ಆದವು. ಒಂಬತ್ತನೆಯದು ಉಳಿದವಕ್ಕಿಂತ ದಪ್ಪನಾಗಿದೆ, ಹೇಳಿದರೆ ಮಾತ್ರ ಗೊತ್ತಾಗುತ್ತದೆ. ಕೆಳಗಿನ ಅಂಚಿಗೆ ನಲವತ್ತೊಂದು ಶೆಲ್ ಹಿಡಿದವು.

ಎಂಟು ಗಂಟೆಗೆ ಕರೆಂಟ್ ಬಂದ ಕೂಡಲೆ ಕೇಕನ್ನು ಮತ್ತೆ ಫ್ರಿಜ್‌ಗೆ ಸೇರಿಸಿದೆ. ಸಂಜೆ ಕತ್ತರಿಸುವ ಮುಕ್ಕಾಲು ಗಂಟೆ ಮೊದಲು ಹೊರಗಿಟ್ಟೆ, ತಣ್ಣಗಿರುವಾಗ ಬಟರ್‌ಕ್ರೀಮು ಬಾಯಲ್ಲಿ ಮೇಣದಂತಿರುತ್ತದೆ. ಮಗಳು ಗಡಿಯಾರದ ಆರರ ಜಾಗದ ಹೂವನ್ನು ಬೆರಳಿನಿಂದ ಎತ್ತಿ ಬಾಯಿಗೆ ಹಾಕಿಕೊಂಡು, “ಅಮ್ಮಾ, ಇದು ಬಹಳ ಸಿಹಿ,” ಎಂದಳು. ಅದು ನಿಜ. ಒಂದಕ್ಕೆ ಎರಡು ಸಕ್ಕರೆಯ ಕ್ರೀಮು ಸಿಹಿಯೇ, ಒಂದು ಚಿಟಿಕೆ ಉಪ್ಪು ಹಾಕಿದರೂ ಅಷ್ಟರಲ್ಲೇ ಇರುತ್ತದೆ.

ಖರ್ಚಿನ ಲೆಕ್ಕ ಬೇಕಾದವರಿಗೆ ಹೇಳುವುದಾದರೆ, ಮೊದಲ ಸಲದ ಬಿಳಿ ಬೆಣ್ಣೆ 350, ಪೊಟ್ಟಣದ ಬೆಣ್ಣೆ ಒಂದು ಕಿಲೋ 600, ಐಸಿಂಗ್ ಶುಗರ್ ಎರಡು ಕಿಲೋ 240, ನಾಜಲ್‌ಗಳು ಎಲ್ಲ ಸೇರಿ 420, ಐವತ್ತು ಚೀಲಗಳ ಕಟ್ಟು 160, ಟರ್ನ್‌ಟೇಬಲ್ 320, ಬಣ್ಣ 90, ವನಸ್ಪತಿ 60. ಇದರಲ್ಲಿ ಬಿಳಿ ಬೆಣ್ಣೆ ಮತ್ತು ಇಪ್ಪತ್ತನಾಲ್ಕು ನಾಜಲ್‌ಗಳ ಡಬ್ಬಿ, ಒಟ್ಟು 590 ರೂಪಾಯಿ, ನೀವು ಉಳಿಸಬಹುದಾದದ್ದು.

ನಾಜಲ್‌ಗಳನ್ನು ಬಿಸಿನೀರಿನಲ್ಲಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಶ್‌ನಿಂದ ಒಳಗಿನಿಂದ ಉಜ್ಜಿ, ಬಟ್ಟೆಯ ಮೇಲೆ ಬೋರಲು ಹಾಕಿ ಪೂರ್ತಿ ಒಣಗಿಸಿ ಎತ್ತಿಟ್ಟಿದ್ದೇನೆ. ಒತ್ತದೆ ಉಳಿದ 200 ಗ್ರಾಂನಷ್ಟು ಗುಲಾಬಿ ಕ್ರೀಮು ಮುಚ್ಚಳದ ಡಬ್ಬಿಯಲ್ಲಿ ಫ್ರೀಜರ್‌ನಲ್ಲಿದೆ. ಅದನ್ನು ಬಳಸುವ ದಿನ ಹಿಂದಿನ ರಾತ್ರಿ ಫ್ರಿಜ್‌ಗೆ ಇಳಿಸಿ, ಬೆಳಗ್ಗೆ ಬೆರಳು ಒತ್ತಿದರೆ ಗುಳಿ ಬೀಳುವಷ್ಟು ಮೆತ್ತಗಾದ ಮೇಲೆ, ಕಡಿಮೆ ವೇಗದಲ್ಲಿ ಮತ್ತೊಮ್ಮೆ ಆಡಿಸಿಕೊಳ್ಳಬೇಕು.